ಏಳಲೊಲ್ಲದ ಕ್ರೀಮು

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು, ಎದುರು ಬಂದವರಿಗೆಲ್ಲ "ಸಹಿ ಹಾಕೋ ಮುಂಚೆ ಸಣ್ಣಕ್ಷರ ಓದ್ಕೊಳ್ಳಿ ಸ್ವಾಮೀ" ಎಂದು ಉಪದೇಶ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ಶೇಕಡಾ ಲೆಕ್ಕವೇ ನನಗೆ ಅನ್ನ ಹಾಕಿದ್ದು. ಕಾಲು ಶೇಕಡಾ ಬಡ್ಡಿ ವ್ಯತ್ಯಾಸವಾದರೂ ನಿದ್ದೆಯಲ್ಲಿ ಎದ್ದು ಕೂರುವ ಪೈಕಿ. ಅಂಥವನು ಇನ್ನೂರು ಮಿಲಿಲೀಟರಿನ ಒಂದು ರಟ್ಟಿನ ಡಬ್ಬಿಯ ಬೆನ್ನ ಮೇಲೆ ಅಚ್ಚಾಗಿದ್ದ 25 ಎಂಬ ಅಂಕೆಯನ್ನು ಓದಲಿಲ್ಲ. ಅದರ ಫಲವಾಗಿ ಮಗಳ ಹುಟ್ಟುಹಬ್ಬದ ದಿನ ಅಡುಗೆಮನೆಯ ಗೋಡೆ, ಕಿಟಕಿ, ಗ್ಯಾಸಿನ ಒಲೆ, ನನ್ನ ಕನ್ನಡಕ ಎಲ್ಲಕ್ಕೂ ಬಿಳಿ ಚುಕ್ಕಿ ಬಿತ್ತು. ಕೇಕಿಗೆ ಮಾತ್ರ ಏನೂ ಬೀಳಲಿಲ್ಲ.

ಬ್ಲ್ಯಾಕ್ ಫಾರೆಸ್ಟ್ ಕೇಕನ್ನು ಮನೆಯಲ್ಲೇ ಮಾಡುವುದೆಂದು ತೀರ್ಮಾನವಾಗಿತ್ತು. ಕೇಕ್ ಸುಡುವುದು ನನ್ನಾಕೆಯ ಪಾಲು, ಕ್ರೀಮ್ ನನ್ನ ಪಾಲು. ಈ ಕೆಲಸಕ್ಕೆಂದೇ ಒಂದು ವಿದ್ಯುತ್ ಬೀಟರ್ ತಂದಿದ್ದೆ. ಐದು ವೇಗ, ಮೇಲೊಂದು ‘ಟರ್ಬೊ’ ಗುಂಡಿ. ಅಂಗಡಿಯಲ್ಲಿ ಶೆಲ್ಫಿನ ಮೇಲಿದ್ದ ‘ಫ್ರೆಶ್ ಕ್ರೀಮ್’ ಎಂಬ ಡಬ್ಬಿಗಳನ್ನು ಬುಟ್ಟಿಗೆ ಹಾಕಿಕೊಂಡು ಬಂದೆ. ಕ್ರೀಮು ಅಂದಮೇಲೆ ಕ್ರೀಮು. ಅದರಲ್ಲಿ ಜಾತಿಯೇನು, ಪಂಗಡವೇನು ಎಂಬುದು ಅವತ್ತಿನ ನನ್ನ ಸಮಾನತಾವಾದ.

ಡಬ್ಬಿ ಕತ್ತರಿಸಿ ಸುರಿದಾಗ ಕ್ರೀಮ್ ದಪ್ಪಗೇ ಇಳಿಯಿತು. ದೋಸೆ ಹಿಟ್ಟಿಗಿಂತ ಒಂದು ಕೈ ಮೇಲು. ಇಷ್ಟು ಗಟ್ಟಿ ಇರುವುದು ಇನ್ನೆಷ್ಟು ಹೊತ್ತು ಮಾಡೀತು ಎಂದುಕೊಂಡು ಬೀಟರ್ ಇಳಿಬಿಟ್ಟೆ. ಮೊದಲು ಸೋಪಿನ ನೀರಿನಲ್ಲಿ ಏಳುವಂಥ ದೊಡ್ಡ ದೊಡ್ಡ ಗುಳ್ಳೆ ಬಂತು. ಆಮೇಲೆ ಗುಳ್ಳೆ ಸಣ್ಣದಾಗಿ, ಪಾತ್ರೆಯಲ್ಲಿ ಒಂದು ಬೆರಳಿನಷ್ಟು ಮೇಲೇರಿತು. "ಬಂತು, ಬಂತು" ಎಂದು ನಾನು ಕೂಗಿದ್ದೇ ತಡ, ಬೀಟರ್ ನಿಲ್ಲಿಸಿ ಎಲ್ಲರನ್ನೂ ಕರೆದು ತೋರಿಸುವ ಹೊತ್ತಿಗೆ ಅದು ಮತ್ತೆ ಇದ್ದಲ್ಲಿಗೇ ಇಳಿದಿತ್ತು. ಬೀಟರ್ ಹಾದುಹೋದ ಜಾಗದಲ್ಲಿ ಗೆರೆ ನಿಲ್ಲಲಿಲ್ಲ. ಕಡ್ಡಿ ಎತ್ತಿದರೆ ಮೊನೆ ಎದ್ದು ನಿಲ್ಲಬೇಕು ಎಂದು ನಾನು ನೋಡಿದ್ದ ವೀಡಿಯೊದ ಹೆಂಗಸು ಹೇಳಿದ್ದಳು. ನನ್ನದು ಕಡ್ಡಿಯಿಂದ ಮಜ್ಜಿಗೆಯ ಹಾಗೆ ಸುರಿದು ಹೋಗುತ್ತಿತ್ತು.

ಸೋಲೊಪ್ಪುವ ಜಾಯಮಾನ ನನ್ನದಲ್ಲ. ವೇಗ ಐದಕ್ಕೆ ಏರಿಸಿದೆ, ಟರ್ಬೊ ಒತ್ತಿದೆ. ಗೋಡೆಗೆ ಚುಕ್ಕಿ ಬಿದ್ದದ್ದು ಆಗಲೇ. ಸಕ್ಕರೆ ಪುಡಿ ಹಾಕಿದೆ, ಇನ್ನಷ್ಟು ತೆಳ್ಳಗಾಯಿತು. ಯಾರೋ ನಿಂಬೆಹಣ್ಣು ಹಿಂಡಿದರೆ ಗಟ್ಟಿಯಾಗುತ್ತದೆ ಎಂದಿದ್ದರು. ಹಿಂಡಿದೆ. ಗಟ್ಟಿಯಾಯಿತು! ಕುಣಿದಾಡುವಷ್ಟು ಸಂತೋಷವಾಯಿತು. ಆದರೆ ಅದು ಏರಿದ ಗಟ್ಟಿಯಲ್ಲ, ಒಡೆಯುವ ಹೊಸ್ತಿಲಿಗೆ ಬಂದ ಗಟ್ಟಿ. ಹುಳಿ ಬಿದ್ದಾಗ ಹಾಲಿನ ಪ್ರೋಟೀನು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಮೊಸರು ಹೆಪ್ಪಾಗುವುದೂ ಹೀಗೇ. ಅದರೊಳಗೆ ಗಾಳಿಯ ಸುಳಿವೂ ಇರುವುದಿಲ್ಲ. ಅತ್ತೆಯವರು ಬಾಗಿಲಲ್ಲಿ ನಿಂತು ಒಂದು ಚಮಚ ನೆಕ್ಕಿ ನೋಡಿ, "ಅಳಿಯಂದ್ರೇ, ಶ್ರೀಖಂಡ ಚೆನ್ನಾಗ್ ಬಂದಿದೆ. ಏಲಕ್ಕಿ ಹಾಕ್ಲಾ?" ಎಂದರು. ಹಾಸನದ ಕಡೆಯವರು, ಅಣಕಿಸುತ್ತಿದ್ದಾರೋ ಅಕ್ಕರೆಯೋ ಎಂದು ಮುಖ ನೋಡಿ ಹೇಳಲಾಗುವುದಿಲ್ಲ.

ಡಬ್ಬಿಯನ್ನು ಕಸದ ಬುಟ್ಟಿಯಿಂದ ಎತ್ತಿ ಓದಿದ್ದು ನನ್ನಾಕೆ. "ರೀ, ಇದ್ರ ಮೇಲೆ ಸೂಪಿನ ಚಿತ್ರ ಇದೆಯಲ್ರೀ. ಕೇಕಿನ ಚಿತ್ರ ಎಲ್ಲಿದೆ?" ತಿರುಗಿಸಿದಳು. "100 ಗ್ರಾಮಿಗೆ ಕೊಬ್ಬು 25 ಗ್ರಾಂ ಅಂತ ಇದೆ. ನಿಮ್ಮ ವೀಡಿಯೊದವಳು ಎಷ್ಟಿರಬೇಕು ಅಂದಿದ್ಳು?" ವೀಡಿಯೊವನ್ನು ಮತ್ತೆ ಹಾಕಿ ನೋಡಿದೆ. ಮೊದಲ ವಾಕ್ಯದಲ್ಲೇ 35 ಎಂದಿದ್ದಳು. ನಾನು ಮೊದಲ ವಾಕ್ಯಗಳನ್ನು ಯಾವಾಗಲೂ ಹಾರಿಸಿಬಿಡುತ್ತೇನೆ.

ಇಲ್ಲಿಂದ ಮುಂದೆ ನಾನು ಕಲಿತದ್ದನ್ನು ಹೇಳದಿದ್ದರೆ ಆ ಗೋಡೆ ಒರೆಸಿದ್ದಕ್ಕೆ ಅರ್ಥವಿಲ್ಲ.

ಕ್ರೀಮ್ ಎಂದರೆ ನೀರಿನಲ್ಲಿ ತೇಲುವ ಕೊಬ್ಬಿನ ಸಣ್ಣ ಸಣ್ಣ ಹನಿಗಳು. ಎಷ್ಟು ಸಣ್ಣವು ಎಂದರೆ ಹಸುವಿನ ಹಾಲಿನಲ್ಲಿ ಸರಾಸರಿ ಒಂದು ಹನಿ ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲು. ಪ್ರತಿ ಹನಿಗೂ ತೆಳುವಾದ ಒಂದು ಪೊರೆಯಿದೆ. ಆ ಪೊರೆ ಇರುವುದರಿಂದಲೇ ಅವು ಒಂದಕ್ಕೊಂದು ಸೇರಿ ತುಪ್ಪವಾಗದೆ ತಮ್ಮಷ್ಟಕ್ಕೆ ತೇಲಿಕೊಂಡಿರುತ್ತವೆ. ಬೀಟರ್ ಹಾಕಿದಾಗ ಗಾಳಿಯ ಗುಳ್ಳೆ ಒಳಗೆ ನುಗ್ಗುತ್ತದೆ. ಮೊದಲು ಆ ಗುಳ್ಳೆಯನ್ನು ಹಿಡಿಯುವುದು ಹಾಲಿನ ಪ್ರೋಟೀನು. ಅದು ತಾತ್ಕಾಲಿಕ ನೌಕರ, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನನಗೆ ಬಂದ ಆ ಒಂದು ಬೆರಳಿನ ನೊರೆ ಅದರದ್ದೇ. ಗುಳ್ಳೆಯನ್ನು ಕಾಯಂ ಆಗಿ ಹಿಡಿಯಬೇಕಾದ್ದು ಕೊಬ್ಬಿನ ಹನಿ.

ಅದು ಹಿಡಿಯುವ ಕ್ರಮ ಸ್ವಾರಸ್ಯವಾಗಿದೆ. ತಣ್ಣಗಿರುವಾಗ ಹನಿಯೊಳಗಿನ ಕೊಬ್ಬು ಅರ್ಧ ದ್ರವ, ಅರ್ಧ ಹರಳು. ಚಳಿಗಾಲದಲ್ಲಿ ತುಪ್ಪದ ಡಬ್ಬಿಯಲ್ಲಿ ರವೆ ರವೆ ಕಟ್ಟುತ್ತದಲ್ಲ, ಅದೇ. ಆ ಹರಳಿನ ಮೊನೆಗಳು ಪೊರೆಯನ್ನು ತೂತು ಮಾಡಿಕೊಂಡು ಹೊರಗೆ ಚಾಚಿರುತ್ತವೆ. ಈಗ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸು ನೆನಪಿಸಿಕೊಳ್ಳಿ. ಒಳಗಿರುವವರ ಮೊಣಕೈ ಪಕ್ಕದವರ ಪಕ್ಕೆಗೆ, ಅವರ ಚೀಲದ ಪಟ್ಟಿ ಇನ್ನೊಬ್ಬರ ಗುಂಡಿಗೆ ಸಿಕ್ಕಿಕೊಂಡಿರುತ್ತದೆ. ಡ್ರೈವರು ಎಷ್ಟೇ ಬ್ರೇಕ್ ಹಾಕಲಿ, ಯಾರೂ ಬೀಳುವುದಿಲ್ಲ. ಬೀಳಲು ಜಾಗವೇ ಇಲ್ಲ. ಕೊಬ್ಬಿನ ಹನಿಗಳೂ ಹೀಗೆ ಒಂದರ ಹರಳು ಇನ್ನೊಂದಕ್ಕೆ ಚುಚ್ಚಿ, ಒಳಗಿನ ದ್ರವ ಕೊಬ್ಬು ಅಂಟಿನಂತೆ ಬೆಸೆದು, ಗಾಳಿಗುಳ್ಳೆಯ ಸುತ್ತ ಸರಪಳಿ ಕಟ್ಟಿ ನಿಲ್ಲುತ್ತವೆ. ಪೂರ್ತಿ ಬೆರೆತು ಒಂದಾಗುವುದಿಲ್ಲ, ಬಿಡಿಸಿಕೊಂಡು ಹೋಗುವುದೂ ಇಲ್ಲ. ಅದೇ ವಿಪ್ ಆದ ಕ್ರೀಮ್. ಇದೇ ಬಸ್ಸು ಮಧ್ಯಾಹ್ನ ಮೂರಕ್ಕೆ ಅರ್ಧ ಖಾಲಿ ಹೊರಟರೆ ಏನಾಗುತ್ತದೆ? ಒಂದು ಬ್ರೇಕಿಗೆ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ. ನನ್ನ 25ರ ಕ್ರೀಮು ಮಧ್ಯಾಹ್ನದ ಬಸ್ಸು.

ಹಾಲಿನ ಕ್ರೀಮು ನಿಲ್ಲುವಂತೆ ಏರಬೇಕಾದರೆ ಕೊಬ್ಬು ಕಡೇ ಪಕ್ಷ 30 ಶೇಕಡಾ ಇರಬೇಕು. ಅದು ಗಡಿ. 35ರ ಹೊತ್ತಿಗೆ ನಮ್ಮಂಥವರ ಕೈಯಲ್ಲೂ ನಿಲ್ಲುತ್ತದೆ. 30ಕ್ಕಿಂತ ಕೆಳಗೆ ಗುಳ್ಳೆಗಳನ್ನೆಲ್ಲ ಸುತ್ತುವರಿಯುವಷ್ಟು ಹನಿಗಳೇ ಇರುವುದಿಲ್ಲ, ಬೀಟರಿನ ಮೋಟಾರು ಎಷ್ಟು ವ್ಯಾಟಿನದ್ದಾದರೂ ಸರಿ. ಇಲ್ಲದ ಆಸ್ತಿಗೆ ಟರ್ಬೊ ಒತ್ತಿದರೆ ಸಾಲ ಮಂಜೂರಾಗುತ್ತದೆಯೇ?

ಇನ್ನೊಂದು ವಿಷಯ ತಿಳಿದಾಗ ನನಗೆ ನಿಜಕ್ಕೂ ಅವಮಾನವಾಯಿತು. ಅಡುಗೆಯ ಕ್ರೀಮು ವಿಪ್ ಆಗಲಾರದೆ ಸೋತ ಕ್ರೀಮಲ್ಲ. ಆಗಕೂಡದು ಎಂದೇ ಅದನ್ನು ತಯಾರಿಸಿರುತ್ತಾರೆ. ಟೊಮೆಟೊ ಗ್ರೇವಿಯ ಹುಳಿಯಲ್ಲಿ, ಕುದಿಯುವ ಶಾಖದಲ್ಲಿ ಬಿದ್ದರೂ ಅದರ ಕೊಬ್ಬು ಒಂದಕ್ಕೊಂದು ಅಂಟಿ ಎಣ್ಣೆಯಾಗಿ ಮೇಲೆ ಬರಬಾರದು, ಒಡೆಯಬಾರದು. ಅದಕ್ಕಾಗಿ ಕ್ರೀಮನ್ನು ಭಾರಿ ಒತ್ತಡದಲ್ಲಿ ಸಣ್ಣ ಸಂದಿನ ಮೂಲಕ ನುಗ್ಗಿಸಿ ಹನಿಗಳನ್ನು ಇನ್ನೂ ಪುಡಿಮಾಡುತ್ತಾರೆ. ಹೊಸ ಸಣ್ಣ ಹನಿಗಳ ಮೈಮೇಲೆ ಪ್ರೋಟೀನಿನ ದಪ್ಪ ಹೊದಿಕೆ ಕೂರುತ್ತದೆ. ಹೀಗೆ ಕಂಬಳಿ ಹೊದ್ದವು ಚುಚ್ಚಿಸಿಕೊಳ್ಳುವುದೂ ಇಲ್ಲ, ಅಂಟುವುದೂ ಇಲ್ಲ. ಮೇಲಿಂದ ಗಟ್ಟಿಕಾರಕಗಳನ್ನು ಸೇರಿಸುತ್ತಾರೆ. ಡಬ್ಬಿಯಲ್ಲಿ 400ರಿಂದ ಶುರುವಾಗುವ ಅಂಕೆಗಳಿದ್ದರೆ ಅವು ಸಾಮಾನ್ಯವಾಗಿ ಇವೇ. 407 ಎಂದರೆ ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್. ನಾನು ಸುರಿದಾಗ ನೋಡಿ ಮರುಳಾದ ಆ ದಪ್ಪ ಬಹುಪಾಲು ಇಂಥವುಗಳದ್ದು, ಕೊಬ್ಬಿನದ್ದಲ್ಲ. ನಿಜವಾದ 35ರ ವಿಪ್ಪಿಂಗ್ ಕ್ರೀಮು ಎಷ್ಟೋ ಸಲ ಇದಕ್ಕಿಂತ ತೆಳ್ಳಗೆ, ಗಟ್ಟಿ ಹಾಲಿನಂತೆ ಸುರಿಯುತ್ತದೆ. ಹೊರಗಿನ ಠಾಕುಠೀಕು ನೋಡಿ ಸಾಲ ಕೊಡಬಾರದೆಂದು ಕಿರಿಯ ಅಧಿಕಾರಿಗಳಿಗೆ ತರಬೇತಿ ಕೊಟ್ಟವನು ಕ್ರೀಮಿನ ಠಾಕುಠೀಕಿಗೆ ಬಿದ್ದಿದ್ದೆ.

ತಿಳಿದಮೇಲೆ ಸುಮ್ಮನಿದ್ದಿದ್ದರೆ ಮರ್ಯಾದೆ ಅಷ್ಟಾದರೂ ಉಳಿಯುತ್ತಿತ್ತು. ಆದರೆ ಶೇಕಡಾ ಎಂಬ ಪದ ಕಿವಿಗೆ ಬಿದ್ದರೆ ನನ್ನ ಕೈ ಪೆನ್ನು ಹುಡುಕುತ್ತದೆ. 25 ಇರುವುದನ್ನು 35 ಮಾಡಬೇಕು, ಅಷ್ಟೇ ತಾನೆ? ಇನ್ನೊಂದು ಡಬ್ಬಿ ಒಡೆಯದೆ ಉಳಿದಿತ್ತು. 200 ಗ್ರಾಂ ಕ್ರೀಮಿನಲ್ಲಿ 50 ಗ್ರಾಂ ಕೊಬ್ಬಿದೆ. ಬೆಣ್ಣೆಯಲ್ಲಿ 80 ಶೇಕಡಾ ಕೊಬ್ಬು. ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ: 44 ಗ್ರಾಂ ಬೆಣ್ಣೆ ಸೇರಿಸಿದರೆ ಒಟ್ಟು 244 ಗ್ರಾಮಿನಲ್ಲಿ ಕೊಬ್ಬು 85 ಗ್ರಾಂ, ಅಂದರೆ ಸುಮಾರು 35 ಶೇಕಡಾ. ಲೆಕ್ಕದಲ್ಲಿ ಒಂದು ಪೈಸೆಯ ತಪ್ಪಿಲ್ಲ, ಈಗಲೂ ಯಾವ ಆಡಿಟರಿಗೆ ಬೇಕಾದರೂ ತೋರಿಸುತ್ತೇನೆ. ಬೆಣ್ಣೆ ಕರಗಿಸಿ, ಬೆಚ್ಚಗಿನ ಕ್ರೀಮಿಗೆ ಸುರಿದು, ಚಮಚದಲ್ಲಿ ಕಲಸಿ ಫ್ರಿಜ್ಜಿನಲ್ಲಿಟ್ಟೆ. ತಣ್ಣಗಾದ ಮೇಲೆ ತೆಗೆದು ನೋಡಿದರೆ ಮೇಲೆ ಹಳದಿಯ ಬಿಲ್ಲೆ, ಕೆಳಗೆ ಅದೇ 25ರ ಕ್ರೀಮು. ಇಬ್ಬರೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟಿದ್ದರು.

ಬೆಣ್ಣೆಯ ಕೊಬ್ಬಿಗೆ ಪೊರೆಯಿಲ್ಲ. ಅದು ಒಮ್ಮೆ ಒಡೆದು ಒಂದಾದ ಕೊಬ್ಬು. ಚಮಚ ಆಡಿಸಿದ ಮಾತ್ರಕ್ಕೆ ಮತ್ತೆ ಸಣ್ಣ ಹನಿಗಳಾಗಿ ಪೊರೆ ತೊಟ್ಟುಕೊಂಡು ಕೂರುವುದಿಲ್ಲ. ಬಿಸಿಯಿರುವಾಗಲೇ ಮಿಕ್ಸಿಯಲ್ಲಿ ಚೆನ್ನಾಗಿ ತಿರುಗಿಸಿ, ಇಡೀ ರಾತ್ರಿ ತಣ್ಣಗಿಟ್ಟರೆ ಒಂದು ಮಟ್ಟಿಗೆ ಕೆಲಸ ನಡೆಯುತ್ತದಂತೆ. ಆದರೂ ಗಟ್ಟಿಕಾರಕ ಬೆರೆತ ಕ್ರೀಮಿನ ಮೇಲೆ ಈ ಕಸರತ್ತು ಮಾಡುವುದಕ್ಕಿಂತ ಅಂಗಡಿಗೆ ಆಟೋ ಹಿಡಿಯುವುದು ಮೇಲು. ಡಬ್ಬಿಯನ್ನು ಫ್ರಿಜ್ಜಿನಲ್ಲಿ ಅಲುಗಾಡಿಸದೆ ಇಟ್ಟು ತಳದ ನೀರನ್ನು ಬಸಿದುಬಿಡಿ ಎಂಬ ಸಲಹೆಯೂ ಬಂತು. ಅದನ್ನೂ ಲೆಕ್ಕ ಹಾಕಿದೆ. 35 ಮುಟ್ಟಬೇಕಾದರೆ 200ರಲ್ಲಿ 57 ಗ್ರಾಂ ನೀರು ಹೋಗಬೇಕು. ಡಬ್ಬಿ ಬಗ್ಗಿಸಿದರೆ ಬಿದ್ದದ್ದು ಒಂದು ಚಮಚ. ನೀರನ್ನು ಬಿಟ್ಟುಕೊಡದಿರಲಿ ಎಂದೇ ತಾನೆ ಆ ಗಟ್ಟಿಕಾರಕ ಹಾಕಿರುವುದು.

ನನ್ನ ವೀಡಿಯೊಗಳ ಹೆಂಗಸರು ಬಹುಪಾಲು ಇಂಗ್ಲೆಂಡ್, ಅಮೆರಿಕದವರು. ಅಲ್ಲಿಯವರಿಗೆ ಈ ಗೋಳಿಲ್ಲ, ಹೆಸರಿನಲ್ಲೇ ಶೇಕಡಾ ಅಡಗಿದೆ. ಇಂಗ್ಲೆಂಡಿನಲ್ಲಿ ಸಿಂಗಲ್ ಕ್ರೀಮ್ ಎಂದರೆ 18, ವಿಪ್ಪಿಂಗ್ 35, ಡಬಲ್ ಕ್ರೀಮ್ 48. ಅಮೆರಿಕದಲ್ಲಿ ಹೆವಿ ಕ್ರೀಮ್ ಎಂದು ಬರೆಯಬೇಕಾದರೆ 36ಕ್ಕೆ ಕಡಿಮೆ ಇರಕೂಡದು. ನಮ್ಮಲ್ಲಿ ಕಿರಾಣಿ ಅಂಗಡಿಯ ಶೆಲ್ಫಿನಲ್ಲಿ ಸುಲಭವಾಗಿ ಕೈಗೆ ಸಿಗುವ ‘ಫ್ರೆಶ್ ಕ್ರೀಮ್’ ಸಾಮಾನ್ಯವಾಗಿ 20ರಿಂದ 25ರದ್ದು. ಅವರು ‘ಕ್ರೀಮ್’ ಎಂದಾಗ ನಾವು ಅದನ್ನು ತರುತ್ತೇವೆ, ಅವರದ್ದು ಏಳುತ್ತದೆ, ನಮ್ಮದು ಮಲಗುತ್ತದೆ.

ಕೊನೆಗೆ ಬೇಕರಿ ಸಾಮಾನು ಮಾರುವ ಅಂಗಡಿಗೆ ಹೋದೆ. ಈಗ ನಾನು ಪಂಡಿತ. "35 ಶೇಕಡಾದ ಕ್ರೀಮ್ ಕೊಡಪ್ಪಾ" ಎಂದೆ, ಕನ್ನಡಕ ಸರಿಮಾಡಿಕೊಂಡು. ಹುಡುಗ ತಲೆಯೆತ್ತದೆ ಕೇಳಿದ: "ಡೈರಿನಾ, ನಾನ್‌ಡೈರಿನಾ ಸಾರ್?" ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಅವನೇ ಕರುಣೆಯಿಂದ ಎರಡು ಡಬ್ಬಿ ಇಟ್ಟ. ಒಂದು ಫ್ರಿಜ್ಜಿನದು, ಹಾಲಿನ ಕೊಬ್ಬು 35. ಇನ್ನೊಂದು ಕಲ್ಲಿನಂತೆ ಹೆಪ್ಪುಗಟ್ಟಿದ್ದು, ಫ್ರೀಜರಿನಿಂದ ತೆಗೆದದ್ದು. ಅದರ ಮೇಲೆ ನೀರು, ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು, ಸಕ್ಕರೆ ಎಂದಿತ್ತು. ಹಾಲಿನ ಹೆಸರಿಲ್ಲ. ಕೊಬ್ಬು ನೋಡಿದರೆ 35ಕ್ಕಿಂತ ಎಷ್ಟೋ ಕೆಳಗೆ. "ಇದು ಏಳಲ್ಲಪ್ಪ" ಎಂದೆ, ಹೊಸದಾಗಿ ಕಲಿತವನ ಗತ್ತಿನಲ್ಲಿ. ಹುಡುಗ ಮೊದಲ ಸಲ ತಲೆಯೆತ್ತಿ ನೋಡಿದ. "ಸಾರ್, ಊರಲ್ಲಿರೋ ಬೇಕರಿ ಕೇಕೆಲ್ಲ ಇದರಲ್ಲೇ ಎದ್ದಿರೋದು."

ಅವನ ಮಾತು ನಿಜ. 30ರ ಗಡಿ ಹಾಲಿನ ಕೊಬ್ಬಿಗೆ ಮಾತ್ರ. ಆ ನಾನ್‌ಡೈರಿ ಟಾಪಿಂಗ್‌ನಲ್ಲಿ ಹಾಕುವ ತಾಳೆಬೀಜದಂಥ ಎಣ್ಣೆಯ ಕೊಬ್ಬು ತಣ್ಣಗಿರುವಾಗ ಹಾಲಿನ ಕೊಬ್ಬಿಗಿಂತ ಹೆಚ್ಚು ಗಟ್ಟಿ; ಜೊತೆಗೆ ಹನಿಗಳು ಬೇಗ ಅಂಟಿಕೊಳ್ಳಲಿ ಎಂದೇ ಬೇರೆ ವಸ್ತುಗಳನ್ನು ಸೇರಿಸಿರುತ್ತಾರೆ. ಅದಕ್ಕೇ ಕಡಿಮೆ ಕೊಬ್ಬಿನಲ್ಲೂ ಎರಡು ಮೂರು ಪಟ್ಟು ಉಬ್ಬಿ, ನಮ್ಮ ಏಪ್ರಿಲ್ ಸೆಕೆಯಲ್ಲೂ ನಿಲ್ಲುತ್ತದೆ. ತಿಂದ ಮೇಲೆ ಅಂಗುಳಿಗೆ ಮೇಣ ಬಳಿದಂತೆ ಒಂದು ಪದರ ಉಳಿಯುವುದೂ ಅದೇ ಗಟ್ಟಿತನದಿಂದ; ಹಾಲಿನ ಕೊಬ್ಬು ಬಾಯಿಯ ಬಿಸಿಗೆ ಕರಗಿಹೋಗುತ್ತದೆ. ನನಗೆ ಹಾಲಿನದೇ ರುಚಿ. ಆದರೂ ಅನುಭವ ಕಲಿಸಿದ ಪಾಠದಿಂದ ಎರಡನ್ನೂ ಕೊಂಡೆ.

ಈ ಸಲ ಎಲ್ಲ ಶಾಸ್ತ್ರೋಕ್ತ. ಕ್ರೀಮು ಇಡೀ ರಾತ್ರಿ ಫ್ರಿಜ್ಜಿನಲ್ಲಿ. ಹರಳು ಕಟ್ಟಲು ಗಂಟೆಗಟ್ಟಲೆ ಬೇಕು, ಸುಮ್ಮನೆ ಮುಟ್ಟಿದರೆ ತಣ್ಣಗಿದೆ ಎಂದರೆ ಸಾಲದು. ಅವಸರಕ್ಕೆ ಫ್ರೀಜರಿಗೂ ತಳ್ಳಬಾರದು, ಮಂಜಿನ ಹರಳು ಪೊರೆಗಳನ್ನು ಮೊದಲೇ ಹರಿದುಹಾಕುತ್ತದೆ. ಸ್ಟೀಲ್ ಪಾತ್ರೆಯನ್ನೂ ಬೀಟರಿನ ಕಡ್ಡಿಗಳನ್ನೂ ತಣ್ಣಗೆ ಮಾಡಿ, ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿ ಕೂರಿಸಿದೆ. ಸುರಿದಾಗ ತೆಳ್ಳಗಿತ್ತು, ಎದೆ ಧಸಕ್ಕೆಂದರೂ ಸುಮ್ಮನಿದ್ದೆ. ಮಧ್ಯಮ ವೇಗ. ಸ್ವಲ್ಪ ಹೊತ್ತಿಗೆ ಬೀಟರಿನ ಸದ್ದು ಬದಲಾಯಿತು, ಚಿಲಿಪಿಲಿ ಹೋಗಿ ಮಂದವಾಯಿತು. ಕಡ್ಡಿ ಹಾದಲ್ಲಿ ರಂಗೋಲಿಯ ಎಳೆಯಂತೆ ಗೆರೆ ನಿಂತಿತು. ಎತ್ತಿದೆ. ಮೊನೆ ಎದ್ದು, ತುದಿ ಮಾತ್ರ ನಾಚಿದ ಹಾಗೆ ಬಾಗಿತು. ಸಕ್ಕರೆ ಪುಡಿ ಹಾಕಿ ಇನ್ನು ನಾಲ್ಕು ಸುತ್ತಿಗೆ ನಿಲ್ಲಿಸಬೇಕಾದ ಕ್ಷಣ ಅದೇ.

ನಾನು ಏನು ಮಾಡಿದೆ? ಎಡಗೈಯಲ್ಲಿ ಫೋನ್ ಹಿಡಿದು ಕುಟುಂಬದ ಗುಂಪಿಗೆ ಕಳಿಸಲು ವೀಡಿಯೊ ತೆಗೆಯಲು ಹೊರಟೆ. ಬಲಗೈಯ ಬೀಟರ್ ತಿರುಗುತ್ತಲೇ ಇತ್ತು. "ನೋಡಿ, ಕೊಬ್ಬಿನ ಹನಿಗಳು ಹೇಗೆ ಕೈಕೈ ಹಿಡಿದು..." ಎಂದು ವಿವರಣೆ ಕೊಡುತ್ತಿದ್ದಂತೆಯೇ ಹೊಳಪು ಹೋಯಿತು. ಬಿಳಿ ತುಸು ಹಳದಿಗೆ ತಿರುಗಿತು. ನುಣುಪಾಗಿದ್ದದ್ದು ಉಪ್ಪಿಟ್ಟಿನ ರವೆಯಂತಾಯಿತು. ಆಗಲೇ ನಿಲ್ಲಿಸಿ, ಎರಡು ಚಮಚ ವಿಪ್ ಮಾಡದ ಕ್ರೀಮ್ ಸೇರಿಸಿ ಕೈಯಲ್ಲೇ ಮೆಲ್ಲಗೆ ಕಲಸಿದ್ದರೆ ಇನ್ನೂ ಉಳಿಸಬಹುದಿತ್ತು. ಆದರೆ ಉಳಿದ ಕ್ರೀಮ್ ಎಲ್ಲಿತ್ತು? ಡಬ್ಬಿಯನ್ನು ಕೊನೆಯ ಹನಿಯವರೆಗೂ ಹಿಂಡಿದ್ದೆ. ಇನ್ನೊಂದಿಷ್ಟು ತಿರುಗಿಸಿದರೆ ಸರಿಹೋದೀತೆಂದು ತಿರುಗಿಸಿದೆ. ಪಿಚಕ್ ಎಂದು ಪಾತ್ರೆಯಿಂದ ನೀರು ಎರಚಿತು. ಹಳದಿ ಮುದ್ದೆ ಕಡ್ಡಿಗಳಿಗೆ ಕಚ್ಚಿಕೊಂಡಿತು.

"ಬೆಣ್ಣೆ ಬಂತು ಬಿಡಿ!" ಅತ್ತೆಯವರ ಮುಖದಲ್ಲಿ ಅಂದು ಮೊದಲ ಬಾರಿಗೆ ಅಳಿಯನ ಬಗ್ಗೆ ಮೆಚ್ಚುಗೆ ಕಂಡಿತು. ವಿಪ್ ಮಾಡುವುದೂ ಬೆಣ್ಣೆ ತೆಗೆಯುವುದೂ ಒಂದೇ ಕೆಲಸ. ಅರ್ಧದಲ್ಲಿ ನಿಲ್ಲಿಸಿದರೆ ಕ್ರೀಮು, ನಿಲ್ಲಿಸದಿದ್ದರೆ ಬೆಣ್ಣೆ. ಹನಿಗಳು ಕೈಹಿಡಿದು ನಿಲ್ಲುವ ಹಂತ ದಾಟಿ ಒಂದರೊಳಗೊಂದು ಸೇರಿಹೋದರೆ ಗಾಳಿಯೂ ನೀರೂ ಹೊರಗೆ. ಅತ್ತೆಯವರಿಗೆ ಇದೆಲ್ಲ ಕೈಯಲ್ಲೇ ಗೊತ್ತು. "ಬೇಸಿಗೇಲಿ ಕಡೆಯುವಾಗ ತಣ್ಣೀರು ಹಾಕದೇ ಇದ್ರೆ ಬೆಣ್ಣೆ ಕೂಡೋದೇ ಇಲ್ಲ, ಎಣ್ಣೆ ಎಣ್ಣೆ ಆಗತ್ತೆ" ಎನ್ನುತ್ತ ಮುದ್ದೆಯನ್ನು ತಣ್ಣೀರಿನಲ್ಲಿ ತೊಳೆದು ಉಂಡೆ ಕಟ್ಟಿದರು. ಹರಳಿನ ಬಗ್ಗೆ ನಾನು ಓದಿಕೊಂಡದ್ದೂ ಅವರು ಕಡಗೋಲು ಹಿಡಿದು ಹೇಳುವುದೂ ಒಂದೇ. ಆಮೇಲೆ ಮೂಸಿ ನೋಡಿ, "ಹೆಪ್ಪು ಹಾಕಿಲ್ವಲ್ಲ, ತುಪ್ಪ ಮಾಡಿದ್ರೂ ಘಮ ಬರಲ್ಲ" ಎಂದು ಅಂಕ ಕಡಿಮೆ ಮಾಡಿದರು. 250 ಗ್ರಾಂ ಕ್ರೀಮಿಗೆ ನೂರು ಗ್ರಾಮಿನಷ್ಟು ಬೆಣ್ಣೆ. ಆ ದರಕ್ಕೆ ಬೆಣ್ಣೆ ತಿನ್ನುವವರು ನಮ್ಮ ಬೀದಿಯಲ್ಲಿ ಬೇರೆ ಯಾರೂ ಇರಲಾರರು.

ಕೇಕಿಗೆ ಕೊನೆಗೆ ಬಿದ್ದದ್ದು ಟಾಪಿಂಗ್. ರಾತ್ರಿಯೇ ಫ್ರೀಜರಿನಿಂದ ಕೆಳಗಿಳಿಸಿ ಕರಗಲು ಇಟ್ಟಿದ್ದಳು ನನ್ನಾಕೆ, ನನ್ನ ಮೇಲಿನ ನಂಬಿಕೆ ಅಷ್ಟು. ಅದು ಎದ್ದಿತು, ನಿಂತಿತು, ಮೇಲಿಟ್ಟ ಚೆರ್ರಿಯನ್ನೂ ಹೊತ್ತಿತು. ಮಗಳು ಮೂರು ತುಂಡು ತಿಂದು "ಅಪ್ಪಾ, ಅಂಗಡಿ ಕೇಕ್ ಥರಾನೇ ಇದೆ" ಎಂದಳು. ವಿಪ್ ಮಾಡದೆ ಉಳಿದ ಅರ್ಧ ಡಬ್ಬಿ ಟಾಪಿಂಗನ್ನು ಒಂದು ಸ್ಟೀಲ್ ಡಬ್ಬಿಗೆ ಸುರಿದು ಫ್ರಿಜ್ಜಿನಲ್ಲಿಟ್ಟೆ. ಬೆಣ್ಣೆಯ ಬಿಲ್ಲೆ ತೆಗೆದಮೇಲೆ ಉಳಿದಿದ್ದ 25ರ ಕ್ರೀಮೂ ಇನ್ನೊಂದು ಸ್ಟೀಲ್ ಡಬ್ಬಿಯಲ್ಲಿತ್ತು. ಎರಡೂ ಬಿಳಿ, ಎರಡೂ ದಪ್ಪ.

ಮರುದಿನ ಎದುರು ಮನೆಯವರು ಬಾಗಿಲು ತಟ್ಟಿದರು. ನೆಂಟರು ಬಂದಿದ್ದಾರೆ, ಪನೀರ್ ಬಟರ್ ಮಸಾಲಾಕ್ಕೆ ಸ್ವಲ್ಪ ಕ್ರೀಮ್ ಇದೆಯಾ ಎಂದು. ಇಂಥ ಅವಕಾಶ ಬಿಡುವುದುಂಟೇ? ಅಡುಗೆಯ ಕ್ರೀಮೇ ಬೇರೆ, ವಿಪ್ಪಿಂಗ್ ಕ್ರೀಮೇ ಬೇರೆ, ಗ್ರೇವಿಗೆ 25ರದ್ದೇ ಸರಿ ಎಂದು ಪೊರೆ, ಹರಳು, ಗಟ್ಟಿಕಾರಕ ಎಲ್ಲವನ್ನೂ ಬಾಗಿಲಲ್ಲೇ ನಿಲ್ಲಿಸಿ ವಿವರಿಸಿದೆ. ಅವರ ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತೆಂದು ಆಮೇಲೆ ತಿಳಿಯಿತು. ವಿವರಣೆಯ ಭರದಲ್ಲೇ ಫ್ರಿಜ್ಜಿಗೆ ಕೈಹಾಕಿ ಒಂದು ಸ್ಟೀಲ್ ಡಬ್ಬಿ ತೆಗೆದುಕೊಟ್ಟೆ.

ಸಂಜೆ ಡಬ್ಬಿ ತುಂಬಿಕೊಂಡೇ ವಾಪಸ್ ಬಂತು. ಖಾಲಿ ಪಾತ್ರೆ ಕೊಡಬಾರದೆಂಬ ಪದ್ಧತಿ ಅವರಿಗೂ ಇದೆ. ಅತ್ತೆಯವರು ಮುಚ್ಚಳ ತೆಗೆದು, ಒಂದು ಚಮಚ ಬಾಯಿಗಿಟ್ಟು, ಬಹಳ ಹೊತ್ತು ಯೋಚಿಸಿದರು.

"ಚೆನ್ನಾಗೇ ಇದೆ," ಎಂದರು. "ಆದ್ರೆ ಪಾಯಸಕ್ಕೆ ಟೊಮೆಟೊ ಯಾಕ್ ಹಾಕಿದಾರೆ?"